ಎರಡನೇ ಬೇಕರಿಗೆ ಮುನ್ನ: ಅಕ್ಕಪಕ್ಕದ ಅಂಗಡಿಗಳ ಹೋಲಿಕೆ ಪಟ್ಟಿ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹಿಳೆ ಮತ್ತು ವ್ಯಾಪಾರ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನ್ನನ್ನು ಕೇಳಿದ್ದರು. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ಎಟುಕುವುದಿಲ್ಲ. ನಾನು ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವವಳು. ಹಾಗಾಗಿ ಒಂದೇ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ಚಿಕ್ಕ ಬೇಕರಿಯೊಂದು ಎರಡನೇ ಅಂಗಡಿ ತೆರೆಯುವ ಮುಂಚೆ, ಆ ಜಾಗದಲ್ಲಿ ಈಗಾಗಲೇ ಇರುವ ಅಂಗಡಿಗಳ ಜೊತೆ ತನ್ನನ್ನು ಹೋಲಿಸಿ ನೋಡುವ ಪಟ್ಟಿಯನ್ನು ಹೇಗೆ ಬರೆಯಬೇಕು ಎನ್ನುವುದು ನನ್ನ ಇಂದಿನ ಮಾತು.

ಹೈದರಾಬಾದಿನಲ್ಲಿ ಬೇಕರಿ ನಡೆಸುವುದೆಂದರೆ ಹಳಬರ ನಡುವೆ ಜಾಗ ಹುಡುಕುವುದು. ಮೊಅಜ್ಜಂ ಜಾಹಿ ಮಾರ್ಕೆಟ್ಟಿನ ಕರಾಚಿ ಬೇಕರಿ 1953ರದು. ಉಸ್ಮಾನಿಯಾ ಬಿಸ್ಕತ್ತು ಮತ್ತು ಇರಾನಿ ಚಹಾ ಈ ಊರಿನ ಗುರುತು. ಇವುಗಳ ನಡುವೆ ನಮ್ಮ ಕಡೆಯವರ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಬೋರ್ಡುಗಳು ಬಡಾವಣೆ ಬಡಾವಣೆಯಲ್ಲೂ ಕಾಣುತ್ತವೆ. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬವೊಂದು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದಾಗ ಶುರುವಾದ ಪರಂಪರೆ ಅದು. ಖಾರದ ಬನ್ನು, ಪಲ್ಯದ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ಕಾಂಗ್ರೆಸ್ ಕಡಲೆಕಾಯಿ ಎಂದರೆ ನಮಗೆ ತವರಿನ ನೆನಪು. ಆದರೆ ಈ ಊರಿನಲ್ಲಿ ಅದನ್ನು ಕೊಳ್ಳುವವರಲ್ಲಿ ಹೆಚ್ಚಿನವರು ತೆಲುಗರು. ಅವರಿಗೆ ನೆನಪಿನ ಹಂಗಿಲ್ಲ. ಬನ್ನು ಬಿಸಿಯಾಗಿದ್ದರೆ ಬರುತ್ತಾರೆ, ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ.

ನಾನು ಲೆಕ್ಕ ಬರೆಯುವ ಬೇಕರಿಗಳಲ್ಲಿ ಒಂದು ಬರ್ಕತ್‌ಪುರದಲ್ಲಿದೆ. ಹೆಸರು ಬೇಡ. ಅಂಕಿಗಳನ್ನೂ ಅವರ ಒಪ್ಪಿಗೆ ಪಡೆದು ದುಂಡು ಮಾಡಿ ಹೇಳುತ್ತಿದ್ದೇನೆ. ಯಜಮಾನರು ಒಲೆಯ ಹತ್ತಿರ, ಅಕ್ಕ ಗಲ್ಲಾದ ಹತ್ತಿರ. ಹನ್ನೆರಡು ವರ್ಷದಲ್ಲಿ ದಿನಕ್ಕೆ ಹದಿನಾಲ್ಕು ಸಾವಿರದ ವ್ಯಾಪಾರಕ್ಕೆ ಬಂದಿದ್ದಾರೆ. ಈಗ ಕೂಕಟ್‌ಪಲ್ಲಿ ಹೌಸಿಂಗ್ ಬೋರ್ಡ್ ಕಾಲನಿಯಲ್ಲಿ ಒಂದು ಮಳಿಗೆ ಸಿಕ್ಕಿದೆ. ತಿಂಗಳ ಬಾಡಿಗೆ 42,000. ಮುಂಗಡಕ್ಕೂ ಷೋಕೇಸಿಗೂ ಅಕ್ಕನ ಬಳೆಗಳನ್ನು ಅಡವಿಡಬೇಕು. ಮಗಳ ಇಂಜಿನಿಯರಿಂಗ್ ಮುಗಿಯಲು ಇನ್ನೂ ಎರಡು ವರ್ಷ ಇದೆ. ಮಳಿಗೆಯವರು ಹದಿನೈದು ದಿನದಲ್ಲಿ ಉತ್ತರ ಹೇಳಿ ಅಂದಿದ್ದರು. ಆ ಹದಿನೈದು ದಿನದಲ್ಲಿ ನಾವು ಕೂತು ಮಾಡಿದ್ದು ಈ ಪಟ್ಟಿ.

ಎದುರಾಳಿ ಯಾರು?

ಮೊದಲ ದಿನ ಅಕ್ಕ ಬರೆದ ಪಟ್ಟಿಯಲ್ಲಿ ಆ ಕಾಲನಿಯ ಏಳು ಬೇಕರಿಗಳ ಹೆಸರಿತ್ತು. ಬೋರ್ಡು ನೋಡಿ ಬರೆದರೆ ಹೀಗೇ ಆಗುತ್ತದೆ. ಆದರೆ ಗಿರಾಕಿ ಬೋರ್ಡು ನೋಡಿ ಮನೆಯಿಂದ ಹೊರಡುವುದಿಲ್ಲ. ಬೆಳಗ್ಗೆ ಮಕ್ಕಳ ಡಬ್ಬಿಗೆ ಬ್ರೆಡ್ಡು ಬೇಕು, ಸಂಜೆ ಚಹಾದ ಜೊತೆ ಕುರುಕಲು ಬೇಕು, ಶನಿವಾರ ಹುಟ್ಟುಹಬ್ಬಕ್ಕೆ ಕೇಕು ಬೇಕು ಎಂದು ಹೊರಡುತ್ತಾನೆ. ಈ ಮೂರು ಸಂದರ್ಭಕ್ಕೆ ಎದುರಾಳಿಗಳು ಬೇರೆ ಬೇರೆ. ಬೆಳಗಿನ ಬ್ರೆಡ್ಡಿಗೆ ಸೂಪರ್ ಮಾರ್ಕೆಟ್ಟು ಮತ್ತು ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪುಗಳು. ಸಂಜೆಗೆ ಇರಾನಿ ಚಹಾದ ಅಂಗಡಿ, ಮಿರ್ಚಿ ಬಜ್ಜಿಯ ಗಾಡಿ. ಕೇಕಿಗೆ ಮನೆಯಲ್ಲೇ ಮಾಡಿ ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುವ ಗೃಹಿಣಿ. ನಮ್ಮ ವೇದಿಕೆಯಲ್ಲೇ ಅಂಥವರು ಇದ್ದೀರಿ.

ಹಾಗಾಗಿ ಒಂದೇ ದೊಡ್ಡ ಪಟ್ಟಿಯ ಬದಲು ಒಂದು ಸಂದರ್ಭಕ್ಕೆ ಒಂದು ಹಾಳೆ ಮಾಡಿದೆವು. ಪ್ರತಿ ಹಾಳೆಯಲ್ಲಿ ಮೂರು ನಾಲ್ಕು ಎದುರಾಳಿಗಳು ಸಾಕು. ಅವರು ಯಾರೆಂದು ತಿಳಿಯಲು ಆ ಬೀದಿಯ ಜನರನ್ನೇ ಕೇಳಬೇಕು. ‘ನಾವು ಅಂಗಡಿ ಹಾಕಿದರೆ ಬರುತ್ತೀರಾ?’ ಎಂದು ಕೇಳಿದರೆ ಮರ್ಯಾದೆಗೆ ಎಲ್ಲರೂ ಹೂಂ ಅನ್ನುತ್ತಾರೆ. ‘ನಿನ್ನೆ ಸಂಜೆ ಚಹಾದ ಜೊತೆ ಏನು ತಿಂದಿರಿ, ಎಲ್ಲಿಂದ ತಂದಿರಿ?’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಅಕ್ಕ ಹಾಸ್ಟೆಲ್ ಹುಡುಗಿಯರು, ಅಪಾರ್ಟ್‌ಮೆಂಟಿನ ಗೃಹಿಣಿಯರು, ವಾಚ್‌ಮನ್ ಎಲ್ಲ ಸೇರಿ ಮೂವತ್ತು ಜನರನ್ನು ಹೀಗೆ ಕೇಳಿದರು. ಮೂರು ಸಲಕ್ಕಿಂತ ಹೆಚ್ಚು ಬಂದ ಅಂಗಡಿಗಳನ್ನು ಮಾತ್ರ ಹಾಳೆಗೆ ಹಾಕಿದೆವು.

ದೂರದ ವಿಷಯದಲ್ಲೂ ಒಂದು ಮಾತು. ಮ್ಯಾಪಿನಲ್ಲಿ ಒಂದು ಕಿಲೋಮೀಟರ್ ಸುತ್ತ ವೃತ್ತ ಎಳೆದರೆ ಸಾಲದು. ಕೂಕಟ್‌ಪಲ್ಲಿಯಲ್ಲಿ ಮುಂಬೈ ಹೆದ್ದಾರಿ ನಡುವೆ ಹಾದುಹೋಗುತ್ತದೆ, ಅದರ ಮೇಲೆ ಮೆಟ್ರೋ. ಹತ್ತು ರೂಪಾಯಿಯ ಬನ್ನಿಗಾಗಿ ಯಾರೂ ಆ ರಸ್ತೆ ದಾಟುವುದಿಲ್ಲ. ಕಣ್ಣೆದುರಿಗೇ ಕಾಣುವ ಆಚೆ ಬದಿಯ ಬೇಕರಿ ಸಂಜೆಯ ಚಹಾಕ್ಕೆ ಎದುರಾಳಿಯಲ್ಲ. ಕೇಕಿಗೆ ಮಾತ್ರ ಎದುರಾಳಿ, ಏಕೆಂದರೆ ಕೇಕಿಗೆ ಜನ ಗಾಡಿ ತೆಗೆಯುತ್ತಾರೆ.

ಚೌಕ ತುಂಬುವುದು ಹೇಗೆ?

ಈಗ ಹಾಳೆಯ ಅಡ್ಡಸಾಲುಗಳು. ಗಿರಾಕಿ ಯಾವ ಕಾರಣಕ್ಕೆ ಅಂಗಡಿ ಬದಲಾಯಿಸಬಹುದೋ ಆ ಕಾರಣಗಳು ಮಾತ್ರ ಅಲ್ಲಿರಬೇಕು. ಸಂಜೆಯ ಹಾಳೆಗೆ ನಾವು ಐದು ಇಟ್ಟುಕೊಂಡೆವು: ಬೆಲೆ, ನೂರು ಗ್ರಾಮಿನ ಬೆಲೆ, ಬಿಸಿಯಾಗಿ ಸಿಗುವ ಹೊತ್ತು, ಅಲ್ಲೇ ಚಹಾ ಸಿಗುತ್ತದೆಯೇ, ಗಂಟೆಗೆ ಎಷ್ಟು ಜನ.

ನೂರು ಗ್ರಾಮಿನ ಬೆಲೆ ಏಕೆ? ಆ ಬೀದಿಯಲ್ಲಿರುವ ಇನ್ನೊಂದು ಅಯ್ಯಂಗಾರ್ ಬೋರ್ಡಿನ ಬೇಕರಿಯಲ್ಲಿ ಖಾರದ ಬನ್ನು 15 ರೂಪಾಯಿ, ನಮ್ಮದು 18. ‘ನಾವು ದುಬಾರಿ’ ಎಂದು ಯಜಮಾನರು ಚಿಂತೆಗೆ ಬಿದ್ದರು. ಮೂರು ಮೂರು ಬನ್ನು ತಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಸರಾಸರಿ ತೆಗೆದೆವು. ಅವರದು 50 ಗ್ರಾಂ, ನಮ್ಮದು 70. ಅಂದರೆ ನೂರು ಗ್ರಾಮಿಗೆ ಅವರದು 30 ರೂಪಾಯಿ, ನಮ್ಮದು 26ಕ್ಕೂ ಕಡಿಮೆ. ಹಾಗೆಂದು ಖುಷಿಪಡುವಂತೆಯೂ ಇಲ್ಲ. ಗಿರಾಕಿಯ ಕೈಯಲ್ಲಿ ತಕ್ಕಡಿ ಇರುವುದಿಲ್ಲ, ಅವನಿಗೆ ಕಾಣುವುದು ಹದಿನೈದು ಮತ್ತು ಹದಿನೆಂಟು ಮಾತ್ರ. ಆದ್ದರಿಂದಲೇ ಎರಡೂ ಸಾಲು ಬೇಕು. ಒಂದು ಗಿರಾಕಿಗೆ ಕಾಣುವ ಬೆಲೆ, ಇನ್ನೊಂದು ನಮಗೆ ತಗಲುವ ಬೆಲೆ. ಹೊಸ ಜಾಗಕ್ಕೆ 55 ಗ್ರಾಮಿನ, 15 ರೂಪಾಯಿಯ ಬನ್ನು ಮಾಡಬಹುದೇ ಎಂಬ ಪ್ರಶ್ನೆ ಹುಟ್ಟಿದ್ದು ಈ ಎರಡು ಸಾಲುಗಳ ನಡುವೆ. ಆ್ಯಪಿನಲ್ಲಿ ಕಾಣುವ ಬೆಲೆಯನ್ನು ಈ ಸಾಲಿಗೆ ಸೇರಿಸಬೇಡಿ. ಅಲ್ಲಿ ಕಮಿಷನ್ ಸೇರಿಸಿ ಗಲ್ಲಾದ ಬೆಲೆಗಿಂತ ಹೆಚ್ಚು ಇಡುವುದುಂಟು.

ಜನರನ್ನು ಎಣಿಸುವುದು ಬೇಸರದ ಕೆಲಸ, ಆದರೆ ಇಡೀ ಹಾಳೆಯಲ್ಲಿ ಅತ್ಯಂತ ಬೆಲೆಬಾಳುವ ಸಾಲು ಅದೇ. ಎದುರಿನ ಕಟ್ಟೆಯ ಮೇಲೆ ಕೂತು, ಪೊಟ್ಟಣ ಹಿಡಿದು ಹೊರಬಂದವರನ್ನು ಹದಿನೈದು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿ. ಇಪ್ಪತ್ತೆರಡು ಜನ ಬಂದರೆ ಗಂಟೆಗೆ ಎಂಬತ್ತೆಂಟು. ಒಳಗೆ ಹೋದವರನ್ನು ಎಣಿಸಬೇಡಿ, ಗುಂಪಿನಲ್ಲಿ ಬಂದವರಲ್ಲಿ ಕೊಳ್ಳುವವನು ಒಬ್ಬನೇ. ಎಲ್ಲ ಅಂಗಡಿಗಳನ್ನೂ ಒಂದೇ ವಾರದ ಒಂದು ಮಂಗಳವಾರ, ಒಂದು ಶನಿವಾರ, ಅದೇ ಹೊತ್ತಿಗೆ ಎಣಿಸಬೇಕು. ಒಂದನ್ನು ಸಂಬಳದ ವಾರದಲ್ಲಿ, ಇನ್ನೊಂದನ್ನು ತಿಂಗಳ ಕೊನೆಯಲ್ಲಿ ಎಣಿಸಿದರೆ ನೀವು ಹೋಲಿಸಿದ್ದು ಅಂಗಡಿಗಳನ್ನಲ್ಲ, ವಾರಗಳನ್ನು. ರಂಜಾನ್ ತಿಂಗಳ ಸಂಜೆಗಳೂ ಡಿಸೆಂಬರಿನ ಕೇಕಿನ ದಿನಗಳೂ ಈ ಊರಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಆಗ ಜನರ ದಾರಿಯೇ ಬೇರೆ.

ಎಣಿಕೆ ಸರಿಯೇ ಎಂದು ನೋಡಲು ಒಂದು ಉಪಾಯವಿದೆ. ಐದು ಗಂಟೆಗೆ ಒಂದು ಬನ್ನು ಕೊಂಡು ಬಿಲ್ ತೆಗೆದುಕೊಳ್ಳಿ, ಆರಕ್ಕೆ ಇನ್ನೊಂದು ಕೊಳ್ಳಿ. ಎರಡು ಬಿಲ್ಲಿನ ಸಂಖ್ಯೆಗಳ ವ್ಯತ್ಯಾಸವೇ ಆ ಗಂಟೆಯ ಬಿಲ್ಲುಗಳು. ಎಲ್ಲರಿಗೂ ಬಿಲ್ ಕೊಡದ ಅಂಗಡಿಯಲ್ಲಿ ಇದು ಕಡಿಮೆ ತೋರಿಸುತ್ತದೆ. ಬಿಲ್ಲಿನ ಲೆಕ್ಕಕ್ಕೂ ಕಟ್ಟೆಯ ಲೆಕ್ಕಕ್ಕೂ ತುಂಬ ಅಂತರ ಬಂದರೆ ಕಟ್ಟೆಯ ಲೆಕ್ಕವನ್ನು ನಂಬಿ. ಇದರಲ್ಲಿ ಕದ್ದು ನೋಡಿದ್ದು ಏನೂ ಇಲ್ಲ, ಬೀದಿಯಲ್ಲಿ ನಿಂತವರಿಗೆಲ್ಲ ಕಾಣುವುದೇ. ಅವರ ಕೆಲಸದ ಹುಡುಗನನ್ನು ಕರೆದು ಅಂಗಡಿಯ ಒಳಗುಟ್ಟು ಕೇಳುವುದು ಮಾತ್ರ ಬೇಡ.

ಪ್ರತಿ ಚೌಕದ ಮೂಲೆಯಲ್ಲಿ ತಾರೀಖಿನ ಜೊತೆ ಒಂದು ಅಕ್ಷರ ಬರೆಯಿರಿ: ಕಂಡದ್ದಕ್ಕೆ ‘ಕಂ’, ಕೇಳಿದ್ದಕ್ಕೆ ‘ಕೇ’, ಊಹೆಗೆ ‘ಊ’. ತಿಳಿಯದಿದ್ದರೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಅಕ್ಕನ ಮೊದಲ ಹಾಳೆಯಲ್ಲಿ ‘ಸರ್ವಿಸ್ ಚೆನ್ನಾಗಿಲ್ಲ’, ‘ಕ್ವಾಲಿಟಿ ಸುಮಾರು’ ಎಂಬ ಚೌಕಗಳು ಬಹಳ ಇದ್ದವು. ಈ ಅಕ್ಷರ ಹಾಕಲು ಕೂತಾಗ ಅವೆಲ್ಲ ‘ಊ’ ಆದವು. ಹಾಳೆಯ ಅರ್ಧ ‘ಊ’ ಆಗಿದ್ದರೆ ಅದನ್ನು ಮಡಚಿಟ್ಟು ಮತ್ತೆ ಬೀದಿಗೆ ಹೋಗಬೇಕು.

ನಮ್ಮ ಕಾಲಮ್ಮು

ಈಗ ಇಡೀ ಮಾತಿನ ತಿರುಳಿಗೆ ಬರುತ್ತೇನೆ. ಕೊನೆಯ ಕಾಲಮ್ಮು ‘ನಾವು’. ಅಲ್ಲಿ ಏನು ಬರೆಯಬೇಕು? ಅಕ್ಕ ಸಹಜವಾಗಿ ಬರ್ಕತ್‌ಪುರದ ಅಂಗಡಿಯನ್ನು ಬರೆದರು: ಸಂಜೆ ನಾಲ್ಕಕ್ಕೆ ಒಲೆಯಿಂದ ಇಳಿದ ಖಾರದ ಬನ್ನು, ಘಮ ರಸ್ತೆಯವರೆಗೆ. ಆ ಹಾಳೆ ನೋಡಿದರೆ ನಾವೇ ಎಲ್ಲರಿಗಿಂತ ಮುಂದೆ. ಆದರೆ ಕೂಕಟ್‌ಪಲ್ಲಿಯ ಗಿರಾಕಿ ಬರ್ಕತ್‌ಪುರದ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಅವನ ಮುಂದೆ ಇರುವುದು ಇನ್ನೂ ಹುಟ್ಟದ ಅಂಗಡಿ. ಯೋಜನೆಯ ಪ್ರಕಾರ ಅಲ್ಲಿ ಒಲೆ ಇಲ್ಲ, ಎಲ್ಲ ಮಾಲೂ ಆಟೋದಲ್ಲಿ ಹೋಗಬೇಕು. ಹನ್ನೊಂದಕ್ಕೆ ಬೇಯಿಸಿದ್ದು ಆರಿ, ಪ್ಯಾಕ್ ಆಗಿ ಒಂದು ಗಂಟೆಗೆ ಹೊರಟು, ಸುಮಾರು ಇಪ್ಪತ್ತು ಕಿಲೋಮೀಟರ್ ಟ್ರಾಫಿಕ್ ದಾಟಿ ಮೂರಕ್ಕೆ ಷೋಕೇಸ್ ಸೇರುತ್ತದೆ. ಸಂಜೆ ಐದಕ್ಕೆ ಆ ಬನ್ನಿಗೆ ಆರು ಗಂಟೆ ವಯಸ್ಸು. ಆದ್ದರಿಂದ ‘ನಾವು’ ಎಂಬ ಕಾಲಮ್ಮಿನಲ್ಲಿ ಇವತ್ತಿನ ಅಂಗಡಿಯನ್ನು ಬರೆಯಬಾರದು, ಆಗಲಿರುವ ಅಂಗಡಿಯನ್ನು ಬರೆಯಬೇಕು.

ಹಾಗೆ ಬರೆದ ಸಂಜೆಯ ಹಾಳೆ ಇದು.

| | ಇನ್ನೊಂದು ಅಯ್ಯಂಗಾರ್ ಬೋರ್ಡು | ದೊಡ್ಡ ಹೆಸರಿನ ಶಾಖೆ | ಇರಾನಿ ಚಹಾ ಅಂಗಡಿ | ನಮ್ಮ ಹೊಸ ಅಂಗಡಿ, ಒಲೆ ಇಲ್ಲದೆ |
|---|---|---|---|---|
| ಮುಖ್ಯ ತಿಂಡಿ, ಬೆಲೆ | ಖಾರದ ಬನ್ನು, 15 | ಪಫ್, 30 | ಉಸ್ಮಾನಿಯಾ ಬಿಸ್ಕತ್ತು, 5 | ಖಾರದ ಬನ್ನು, 18 |
| ನೂರು ಗ್ರಾಮಿಗೆ | 30 | 33 | ತೂಗಿಲ್ಲ | 26 |
| ಬಿಸಿ ಹೊತ್ತು | 4:30ಕ್ಕೆ ಒಲೆಯಿಂದ | ಕೇಳಿದಾಗ ಬಿಸಿ ಮಾಡಿ | ಚಹಾ ಸದಾ ಬಿಸಿ | ಬೆಳಗ್ಗೆ 11ರದು |
| ಅಲ್ಲೇ ಚಹಾ | ಇಲ್ಲ | ಇದೆ | ಇದೆ | ಇಲ್ಲ |
| 5ರಿಂದ 6, ಮಂಗಳ / ಶನಿ | 88 / 104 | 36 / 72 | 152 / 160 | — |

ರುಚಿಯ ಸಾಲು ಏಕಿಲ್ಲ ಎಂದು ಕೇಳಬಹುದು. ‘ನಮ್ಮ ಬನ್ನಿನ ರುಚಿ ಅವರಿಗೆ ಬರಲ್ಲ ಬಿಡಿ’ ಎಂದು ಅಕ್ಕ ಹೇಳಿದ್ದರು. ಅದನ್ನು ಹೆತ್ತವಳು ಹೇಳಿದರೆ ಸಾಕ್ಷಿಯಾಗುವುದಿಲ್ಲ. ಹಿಂದಿನ ಸಭೆಯಲ್ಲಿ ನಿಮ್ಮಲ್ಲೇ ಎಂಟು ಜನರಿಗೆ ಒಂದು, ಎರಡು ಎಂದು ಚೀಟಿ ಹಾಕಿದ ತಟ್ಟೆ ಕೊಟ್ಟಿದ್ದು ನೆನಪಿದೆಯಲ್ಲ? ಎರಡೂ ಆಗಷ್ಟೇ ಬೇಯಿಸಿದ ಬನ್ನುಗಳಾಗಿದ್ದಾಗ ಎಂಟರಲ್ಲಿ ಆರು ಜನ ನಮ್ಮದನ್ನು ಆರಿಸಿದಿರಿ. ಮರುವಾರ ಅವರ ಬಿಸಿ ಬನ್ನಿನ ಎದುರು ನಮ್ಮ ಆರು ಗಂಟೆಯ ಬನ್ನು ಇಟ್ಟಾಗ ಆರಿಸಿದವರು ಇಬ್ಬರೇ. ಎಂಟು ಜನರ ಮಾತು ಊರಿನ ಮಾತಲ್ಲ, ನಿಜ. ಆದರೆ ಅದೇ ನಾಲಿಗೆಗಳು, ಅದೇ ಬನ್ನು, ಬದಲಾದದ್ದು ಹೊತ್ತು ಮಾತ್ರ. ರುಚಿ ಹೋಲಿಸುವುದಾದರೆ ಮಾರುವಾಗಿನ ವಯಸ್ಸಿನಲ್ಲಿ ಹೋಲಿಸಬೇಕು.

ಇದೇ ಕಾರಣಕ್ಕೆ ಬೆಳಗಿನ ಹಾಳೆ ಬೇರೆಯೇ ಮಾತು ಹೇಳಿತು. ಬ್ರೆಡ್ಡಿಗೆ ಬಿಸಿ ಬೇಕಿಲ್ಲ, ಆರದ ಬ್ರೆಡ್ಡನ್ನು ಹೋಳು ಮಾಡಲೂ ಆಗುವುದಿಲ್ಲ. ರಾತ್ರಿ ಬೇಯಿಸಿದ್ದು ಬೆಳಗಿನ ಖಾಲಿ ರಸ್ತೆಯಲ್ಲಿ ಆರೂವರೆಗೆ ಅಲ್ಲಿರುತ್ತದೆ. ಆ ಬೀದಿಯಲ್ಲಿ ಎಂಟಕ್ಕೆ ಮುಂಚೆ ಬಾಗಿಲು ತೆರೆಯುವ ಬೇಕರಿ ಇಲ್ಲ. ಆ್ಯಪಿನಲ್ಲಿ ಸಿಗುವುದು ಕಂಪನಿಯ ಬ್ರೆಡ್ಡು. ರಸ್ಕು, ಬೆಣ್ಣೆ ಬಿಸ್ಕತ್ತು, ನಿಪ್ಪಟ್ಟು ಕೂಡ ಪ್ರಯಾಣ ತಡೆಯುವ ಮಾಲು. ಅಂದರೆ ನಮ್ಮ ಸರಕು ಎರಡು ಜಾತಿ: ಆಟೋ ಹತ್ತಬಲ್ಲದ್ದು, ಹತ್ತಲಾರದ್ದು. ಬನ್ನು, ಪಫ್ ಎರಡನೆಯ ಜಾತಿ. ಪಫ್‌ನ ಪದರ ಒತ್ತಿದಾಗ ಮುರಿಯದೆ ಬಾಗಿದರೆ ಅದು ಮುಗಿಯಿತೆಂದೇ ಅರ್ಥ.

ಅಂಕ ಕೊಡಬೇಡಿ, ಲೆಕ್ಕಕ್ಕೆ ಕಟ್ಟಿ

ಇಂಥ ಪಟ್ಟಿಗಳಲ್ಲಿ ಪ್ರತಿ ಸಾಲಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಕೂಡಿಸುವ ರೂಢಿ ಇದೆ. ನಾನು ಬೇಡ ಅನ್ನುತ್ತೇನೆ. ಬೆಲೆಗೆ ಎಂಟು, ಬಿಸಿಗೆ ಮೂರು ಎಂದು ಕೂಡಿಸಿದರೆ ಸರಾಸರಿ ಚೆನ್ನಾಗಿಯೇ ಬರುತ್ತದೆ. ಆದರೆ ತಣ್ಣಗಿನ ಬನ್ನನ್ನು ಅಗ್ಗದ ಬೆಲೆ ಬಿಸಿ ಮಾಡುವುದಿಲ್ಲ. ಸಾಲು ಸಾಲಾಗಿ ಓದಿ, ಪ್ರತಿ ಹಾಳೆಯ ಕೆಳಗೆ ಒಂದೇ ವಾಕ್ಯ ಬರೆಯಿರಿ: ಈ ಹೊತ್ತಿಗೆ ಈಗಿನ ಅಂಗಡಿ ಬಿಟ್ಟು ನಮ್ಮಲ್ಲಿಗೆ ಬರಲು ಕಾರಣವಿದೆಯೇ? ಬೆಳಗಿಗೆ ಇದೆ. ಕೇಕಿಗೆ, ಪೂರ್ತಿ ಮೊಟ್ಟೆಯಿಲ್ಲದ ಅಂಗಡಿ ಎಂಬ ಕಾರಣಕ್ಕೆ ಸ್ವಲ್ಪ ಇದೆ. ಸಂಜೆಗೆ, ಒಲೆ ಇಲ್ಲದಿದ್ದರೆ, ಇಲ್ಲ.

ಆ ವಾಕ್ಯವನ್ನು ಈಗ ಮೊದಲ ಅಂಗಡಿಯ ಪುಸ್ತಕಕ್ಕೆ ಕಟ್ಟಬೇಕು. ಬರ್ಕತ್‌ಪುರದ 14,000ದಲ್ಲಿ ಸಂಜೆಯ ಪಾಲು 6,300, ಉಳಿದದ್ದು 7,700. ಹೊಸ ಅಂಗಡಿಗೆ ಬಾಡಿಗೆ, ಇಬ್ಬರ ಸಂಬಳ, ಕರೆಂಟು, ಆಟೋ ಎಲ್ಲ ಸೇರಿ ತಿಂಗಳಿಗೆ 1,10,000 ಖರ್ಚು. ಸಾಮಾನು, ಒಲೆಯವರ ಕೂಲಿ, ಉಳಿದು ಹಾಳಾದದ್ದು ಕಳೆದರೆ ನೂರು ರೂಪಾಯಿ ವ್ಯಾಪಾರಕ್ಕೆ ಕೈಯಲ್ಲಿ ಉಳಿಯುವುದು ನಲವತ್ತು. ಅಂದರೆ ಖರ್ಚು ಹುಟ್ಟಲು ತಿಂಗಳಿಗೆ 2,75,000, ದಿನಕ್ಕೆ ಸುಮಾರು 9,200 ವ್ಯಾಪಾರ ಆಗಬೇಕು. ಸಂಜೆ ಕೈಬಿಟ್ಟರೆ, ಹನ್ನೆರಡು ವರ್ಷದ ಹಳೇ ಅಂಗಡಿಯಷ್ಟೇ ಚೆನ್ನಾಗಿ ನಡೆದರೂ 7,700. ಮೊದಲ ದಿನದಿಂದಲೇ ಕೊರತೆ.

ಹಾಗಾದರೆ ಅಲ್ಲೇ ಒಂದು ಸಣ್ಣ ಒಲೆ ಇಟ್ಟು, ಬರ್ಕತ್‌ಪುರದಿಂದ ತಣ್ಣಗಿನ ಹಿಟ್ಟು ಒಯ್ದು, ನಾಲ್ಕೂವರೆಗೆ ಬೇಯಿಸಿದರೆ? ಒಬ್ಬ ಕೆಲಸಗಾರ ಮತ್ತು ಕರೆಂಟು ಸೇರಿ ಇನ್ನು 30,000 ಖರ್ಚು. ಆಗ ದಿನಕ್ಕೆ ಸುಮಾರು 11,700 ಬೇಕು. ಬೆಳಗು, ಕೇಕು ಎಲ್ಲ ಪೂರ್ತಿ ನಡೆದು, ಸಂಜೆಯದು ಹಳೆಯ ಅಂಗಡಿಯ ಅರ್ಧದಷ್ಟು ಬಂದರೂ 10,850. ಇನ್ನೂ ಸಾಲದು. ಆದರೆ ಬಾಡಿಗೆ 28,000 ಇರುವ ಮಳಿಗೆಯಾದರೆ ಬೇಕಾದದ್ದು 10,500ಕ್ಕೆ ಇಳಿಯುತ್ತದೆ, ಆಗ ಕೂದಲೆಳೆಯಷ್ಟು ಮೇಲೆ. ಅದೂ ವ್ಯಾಪಾರ ಕುದುರುವವರೆಗೆ ಕೆಲವು ತಿಂಗಳ ಖರ್ಚು ಕೈಯಲ್ಲಿದ್ದರೆ ಮಾತ್ರ.

ಹದಿನೈದನೇ ದಿನ ಅವರು ಆ 42,000ದ ಮಳಿಗೆಗೆ ಬೇಡ ಅಂದರು. ಬಳೆ ಕೈಯಲ್ಲೇ ಇದೆ. ಈಗ ಅದೇ ಕಾಲನಿಯ ಒಳಬೀದಿಯಲ್ಲಿ, ಹಾಸ್ಟೆಲ್ಲುಗಳ ಸಾಲಿನಲ್ಲಿ, ಕಡಿಮೆ ಬಾಡಿಗೆಯ ಮಳಿಗೆಯೊಂದನ್ನು ನೋಡುತ್ತಿದ್ದಾರೆ. ಈ ಸಲ ಯಜಮಾನರು ಮೊದಲು ಕೇಳಿದ್ದು ‘ತ್ರೀ ಫೇಸ್ ಕರೆಂಟು ಇದೆಯಾ, ಒಲೆ ಇಡಲು ಮಾಲೀಕರು ಬರೆದುಕೊಡುತ್ತಾರಾ’ ಎಂದು. ಅಲ್ಲಿಗೆ ಹಳೆಯ ಹಾಳೆ ನಡೆಯುವುದಿಲ್ಲ. ಮುನ್ನೂರು ಮೀಟರ್ ಒಳಗೆ ಹೋದರೂ ಸಂಜೆಯ ಎದುರಾಳಿಗಳು ಬದಲಾಗುತ್ತಾರೆ. ಅಕ್ಕ ಮತ್ತೆ ಕಟ್ಟೆಯ ಮೇಲೆ ಕೂತು ಎಣಿಸುತ್ತಿದ್ದಾರೆ. ಸಹಿ ಇನ್ನೂ ಆಗಿಲ್ಲ.

ಈ ಪಟ್ಟಿಗೆ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಇದು ನೀವು ಬರುವ ಮುಂಚಿನ ಬೀದಿಯ ಚಿತ್ರ. ನೀವು ಬಾಗಿಲು ತೆರೆದ ಮರುವಾರ ಎದುರಿನವರು ಬನ್ನಿನ ಬೆಲೆ ಇಳಿಸಬಹುದು, ಏಳಕ್ಕೇ ಬಾಗಿಲು ತೆರೆಯಬಹುದು. ಅವರಿಗೆ ಸುಲಭವಾಗಿ ನಕಲು ಮಾಡಲು ಬರುವ ಸಾಲು ಯಾವುದು, ಬರದ ಸಾಲು ಯಾವುದು ಎಂದು ಗುರುತು ಹಾಕಿಕೊಳ್ಳಿ. ಬೇಗ ಬಾಗಿಲು ತೆರೆಯುವುದನ್ನು ನಕಲು ಮಾಡಬಹುದು. ಮೊಟ್ಟೆಯ ಕೇಕು ಮಾರುವವರು ಮೊಟ್ಟೆ ಬಿಡುವುದು ಕಷ್ಟ. ಅಂಗಡಿ ತೆರೆದ ಮೇಲೆ ಮೂರು ತಿಂಗಳಿಗೊಮ್ಮೆ ಅದೇ ಹಾಳೆ, ಅದೇ ಮಂಗಳವಾರ, ಅದೇ ಹೊತ್ತು.

ನಿಮ್ಮಲ್ಲಿ ಕೇಕು, ಚಟ್ನಿಪುಡಿ, ಹೋಳಿಗೆ ಮಾಡಿ ಮಾರುವವರಿದ್ದೀರಿ. ನಾಳೆ ಸಂಜೆ ಹಾಳೆ ಹಿಡಿದು ಕೂತಾಗ ಮೊದಲು ಕೊನೆಯ ಕಾಲಮ್ಮಿನಿಂದ ಶುರುಮಾಡಿ. ನಿಮ್ಮ ಮಾಲು ಗಿರಾಕಿಯ ಕೈಗೆ ಸೇರುವ ಹೊತ್ತಿಗೆ ಅದಕ್ಕೆ ಎಷ್ಟು ಗಂಟೆ ವಯಸ್ಸು ಎಂದು ಬರೆಯಿರಿ. ಉಳಿದ ಚೌಕಗಳು ಆಮೇಲೆ. ಹಾಳೆ ತುಂಬಿದವರು ಮುಂದಿನ ಸಭೆಗೆ ತನ್ನಿ, ಕೂತು ಒಟ್ಟಿಗೆ ಓದೋಣ.